ಕಿರುಚಿದ್ದನ್ನು ಯಾವ ಕ್ಯಾಮೆರಾ ಕೇಳಿಸಿಕೊಂಡಿತು?

ಬದಿಯಡ್ಕದ ಆಚೆ ಅಕ್ಕನ ಮನೆಯ ತೋಟದ ತುದಿಯಲ್ಲಿ ಹಳೆಯ ಸುರಂಗವೊಂದುಂಟು. ನೀರಿಗಾಗಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದದ್ದು. ಒಬ್ಬ ಆಳು ತಲೆ ತಗ್ಗಿಸಿ ಒಳಗೆ ಹೋಗಬಹುದು, ಇಬ್ಬರು ಎದುರುಬದುರಾಗಿ ದಾಟುವುದು ಕಷ್ಟ. ಕಳೆದ ರಜೆಯಲ್ಲಿ ಅಕ್ಕನ ಮಗ ಮತ್ತು ಅವನ ಗೆಳೆಯ ಸೇರಿ ಅದರೊಳಗೆ ನಾಲ್ಕು ನಿಮಿಷದ ಚಿತ್ರ ಮಾಡಿದರು. ಸುರಂಗದಲ್ಲಿ ಕಾಣೆಯಾದ ಹುಡುಗರ ಫೋನು ಆಮೇಲೆ ಯಾರಿಗೋ ಸಿಕ್ಕಿತು, ಅದರಲ್ಲಿದ್ದ ವಿಡಿಯೊ ಇದು ಎಂದು ಕಥೆ.

ಈ ಬಗೆಗೆ ಫೌಂಡ್ ಫೂಟೇಜ್ ಅನ್ನುತ್ತಾರೆ. ಮಾಕ್ಯುಮೆಂಟರಿ ಇದರ ಅಣ್ಣ. ಅದು ಸಂದರ್ಶನ, ಹಿನ್ನೆಲೆ ವಿವರಣೆ ಎಲ್ಲ ಹಾಕಿ, ಸಂಕಲನ ಮುಗಿದ ಸಾಕ್ಷ್ಯಚಿತ್ರದ ಹಾಗೆ ನಟಿಸುತ್ತದೆ. ಫೌಂಡ್ ಫೂಟೇಜ್ ಮಾತ್ರ ಯಾರ ಕೈಯೂ ತಾಗದ ಹಸಿ ಚಿತ್ರದ ಹಾಗೆ ನಟಿಸಬೇಕು.

"ಮಾವ, ಎಲ್ಲ ಸರಿ ಉಂಟು. ಆದರೂ ನಿಜ ಅಂತ ಅನಿಸುವುದಿಲ್ಲ. ಯಾಕೆ?" ಎಂದು ಅಳಿಯ ಕೇಳಿದ. ಕ್ಯಾಮೆರಾ ಬೇಕಾದಷ್ಟು ಅಲುಗಾಡಿತ್ತು, ಚಿತ್ರ ಮಸುಕಾಗಿತ್ತು. ನಾನು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದೆ. ತಪ್ಪು ಅಲ್ಲಿತ್ತು. ಗೆಳೆಯ ಹತ್ತು ಹೆಜ್ಜೆ ಮುಂದೆ ಹೋದರೂ ಅವನ ದನಿ ಕಿವಿಯ ಪಕ್ಕದಲ್ಲೇ ಇತ್ತು. ಮಾತುಗಳನ್ನು ಆಮೇಲೆ ಮನೆಯ ಕೋಣೆಯಲ್ಲಿ ಕೂತು ಸೇರಿಸಿದ್ದರು.

ಇದನ್ನು ಕಲಿಯುವುದಕ್ಕೆ 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಚಿತ್ರಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಿರ್ದೇಶಕರಾದ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸಾಂಚೆಸ್ ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟು ಅಮೆರಿಕದ ಮೇರಿಲ್ಯಾಂಡಿನ ಕಾಡಿಗೆ ಕಳಿಸಿದರು. ಎಂಟು ದಿನದ ಚಿತ್ರೀಕರಣ. ದಾರಿ ತೋರಿಸುವುದಕ್ಕೆ ಜಿಪಿಎಸ್. ಗೊತ್ತುಮಾಡಿದ ಜಾಗದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸೂಚನೆಯ ಚೀಟಿ. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ಮಾತು ಬರೆದುಕೊಟ್ಟಿರಲಿಲ್ಲ. ದಿನ ಹೋದ ಹಾಗೆ ಊಟವನ್ನೂ ಕಡಿಮೆ ಮಾಡಿದರು. ರಾತ್ರಿ ನಿರ್ದೇಶಕರೇ ಬಂದು ಡೇರೆ ಅಲುಗಿಸಿದರು. ಏನಾಗುತ್ತದೆಂದು ನಟರಿಗೆ ಮುಂಚೆ ಗೊತ್ತಿರಲಿಲ್ಲ, ಹಾಗಾಗಿ ಕ್ಯಾಮೆರಾವೂ ಸರಿಯಾದ ಜಾಗಕ್ಕೆ ಮುಂಚೆಯೇ ತಿರುಗಿ ಕಾಯುತ್ತಿರಲಿಲ್ಲ. ನಕಲಿ ಚಿತ್ರ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ: ಬಾಗಿಲು ತೆರೆಯುವ ಮೊದಲೇ ಕ್ಯಾಮೆರಾ ಬಾಗಿಲನ್ನು ನೋಡುತ್ತಿರುತ್ತದೆ.

ಅದರ ಕೊನೆಯ ದೃಶ್ಯವನ್ನು ಅಳಿಯನಿಗೆ ಎರಡು ಸಲ ಹಾಕಿ ತೋರಿಸಿದೆ. ಪಾಳುಮನೆಯೊಳಗೆ ಮೂವರಲ್ಲಿ ಒಬ್ಬನಾದ ಮೈಕ್ ಎಂಬವನು ಹೈ-8 ವಿಡಿಯೊ ಕ್ಯಾಮೆರಾ ಹಿಡಿದು ಕೆಳಗಿನ ನೆಲಮನೆಗೆ ಓಡುತ್ತಾನೆ, ಅಲ್ಲಿ ಕ್ಯಾಮೆರಾ ಬೀಳುತ್ತದೆ. ಹಿಂದಿನಿಂದ ಜೊತೆಗಾತಿ ಹೆದರ್ 16 ಮಿ.ಮೀ. ಫಿಲ್ಮ್ ಕ್ಯಾಮೆರಾ ಹಿಡಿದು ಬರುತ್ತಾಳೆ. ಫಿಲ್ಮ್ ಕ್ಯಾಮೆರಾದಲ್ಲಿ ಧ್ವನಿ ದಾಖಲಾಗುತ್ತಿಲ್ಲ. ಅಂದರೆ ನಾವು ನೋಡುವುದು ಅವಳ ಕ್ಯಾಮೆರಾದಲ್ಲಿ, ಕೇಳುವುದು ಕೆಳಗೆ ಬಿದ್ದ ಮೈಕ್‌ನ ಕ್ಯಾಮೆರಾದಲ್ಲಿ. ಅವಳೇ ಚಿತ್ರ ತೆಗೆಯುತ್ತಿದ್ದರೂ ಅವಳ ಕಿರುಚು ದೂರದಿಂದ ಕೇಳುತ್ತದೆ. ಮೆಟ್ಟಿಲಿಳಿದ ಹಾಗೆ ಹತ್ತಿರವಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಮೈ ಜುಂ ಅನ್ನುತ್ತದೆ.

ಫೋನಿಗೆ ಇದೇ ಥರ ಇನ್ನೊಂದು ಗುಣವುಂಟು. ಸುತ್ತ ಸದ್ದಿಲ್ಲದಾಗ ಅದು ತನ್ನ ಕಿವಿಯನ್ನು ತಾನೇ ಚುರುಕು ಮಾಡಿಕೊಳ್ಳುತ್ತದೆ. ಆಗ ಹಿನ್ನೆಲೆಯ 'ಶ್' ಸದ್ದು ಮೇಲೇಳುತ್ತದೆ, ನೀರು ತೊಟ್ಟಿಕ್ಕುವುದೂ ದೊಡ್ಡದಾಗಿ ಕೇಳುತ್ತದೆ. ಹಾಗಿರುವಾಗ ಯಾರಾದರೂ ಥಟ್ಟನೆ ಕಿರುಚಿದರೆ ಧ್ವನಿ ಒಡೆದು ಕರಕರ ಅನ್ನುತ್ತದೆ. ಕೂಡಲೇ ಫೋನು ಧ್ವನಿ ತಗ್ಗಿಸುತ್ತದೆ. ಕ್ಷಣಹೊತ್ತು ತೊಟ್ಟಿಕ್ಕುವ ಸದ್ದೂ ಅಡಗಿ, ಮತ್ತೆ ಮೆಲ್ಲಗೆ ಏರುತ್ತದೆ. ಇದಕ್ಕೆ ಆಟೋ ಗೈನ್ ಅನ್ನುತ್ತಾರೆ. ಹುಡುಗರ ಚಿತ್ರದಲ್ಲಿ ಕಿರುಚು ಬೇರೆಯೇ ಪದರವಾಗಿ ಬಂದು ಕೂತಿತ್ತು, ನೀರಿನ ಸದ್ದು ಒಂದಿಷ್ಟೂ ಕದಲಿರಲಿಲ್ಲ.

ಮರುದಿನ ಮತ್ತೆ ತೆಗೆದರು, ಈ ಸಲ ಒಳಗಿನ ಸದ್ದನ್ನೇ ಇಟ್ಟುಕೊಂಡು. ಗೆಳೆಯನ ಅರ್ಧ ಮಾತು ಅಸ್ಪಷ್ಟವಾಗಿ ಅರ್ಥವೇ ಆಗಲಿಲ್ಲ, ಅದನ್ನೂ ಹಾಗೆಯೇ ಬಿಟ್ಟರು. ಹೊರಗೆ ಓಡಿಬರುವಾಗ ಸುರಂಗದ ಬಾಯಿ ಮೊದಲು ಬರೀ ಬಿಳಿಯಾಗಿ ಸುಟ್ಟುಹೋದ ಹಾಗೆ ಕಂಡಿತು. ಕತ್ತಲಿಗೆ ಹೊಂದಿಕೊಂಡಿದ್ದ ಫೋನು ಬೆಳಕಿಗೆ ಹೊಂದಿಕೊಂಡ ಮೇಲೆ ಅಡಿಕೆ ಮರಗಳು ಒಂದೊಂದಾಗಿ ಮೂಡಿದವು. ಅಷ್ಟು ಚೆಂದದ ಶಾಟ್ ಕೂತು ಯೋಚಿಸಿದರೂ ಸಿಗದು.

ಈ ಬಗೆಯ ಚಿತ್ರಗಳಿಗೆಲ್ಲ ಕಾಡುವ ಪ್ರಶ್ನೆ ಇನ್ನೊಂದು: ಜೀವಭಯದಲ್ಲೂ ಇವರು ಕ್ಯಾಮೆರಾ ಬಿಡುವುದಿಲ್ಲ ಯಾಕೆ? ತುಂಬ ಚಿತ್ರಗಳು ಸೋಲುವುದು ಇಲ್ಲಿ. ನಮ್ಮ ಹುಡುಗರಿಗೆ ಉತ್ತರ ಸುಲಭದಲ್ಲಿ ಸಿಕ್ಕಿತ್ತು. ಸುರಂಗದೊಳಗೆ ಇದ್ದ ಬೆಳಕು ಆ ಫೋನಿನದ್ದು ಮಾತ್ರ. ಕೈಬಿಟ್ಟರೆ ಕತ್ತಲು.

ಹೊಸ ಚಿತ್ರದಲ್ಲಿ ಉಳಿದದ್ದು ಒಂದೇ ತಪ್ಪು. ಮಧ್ಯದಲ್ಲಿ ಐದು ಸೆಕೆಂಡು, ಇಬ್ಬರೂ ಬೆನ್ನು ತೋರಿಸಿ ನಡೆದುಹೋಗುತ್ತಿರುವ ಶಾಟ್. ಅಕ್ಕನ ಫೋನಿನಲ್ಲಿ ತೆಗೆದದ್ದು. ಅಳಿಯನಿಗೆ ಅದರ ಮೇಲೆ ಬಹಳ ಪ್ರೀತಿ.

"ಒಳಗೆ ಹೋದವರು ಎಷ್ಟು ಮಂದಿ?" ಎಂದು ಕೇಳಿದೆ.

"ಇಬ್ಬರು."

"ಇದನ್ನು ಹಿಡಿದವರು ಯಾರು ಹಾಗಾದರೆ?"

ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತ. ಆಮೇಲೆ ಆ ಐದು ಸೆಕೆಂಡು ತೆಗೆದುಹಾಕಿದ.