ಬೆಂಕಿಯಲ್ಲಿ ಕೇಬಲ್ ಉಳಿದು ಟ್ರೇ ಬಿದ್ದರೆ?

ಎಫ್‌ಆರ್, ಎಫ್‌ಆರ್‌ಎಲ್‌ಎಸ್ ಅಂತ ಬರೆದ ಕೇಬಲ್ ಬೆಂಕಿಯನ್ನು ಬೇಗ ಹರಡಲು ಬಿಡುವುದಿಲ್ಲ, ಅಷ್ಟೇ. ಬೆಂಕಿಗೆ ಸಿಕ್ಕಿದರೆ ಅದೂ ಸುಟ್ಟು ಶಾರ್ಟ್ ಆಗುತ್ತದೆ. ಫೈರ್ ಪಂಪ್‌ಗೆ, ಹೊಗೆ ಎಳೆಯುವ ಫ್ಯಾನ್‌ಗೆ ಬೇಕಾದದ್ದು ಫೈರ್ ಸರ್ವೈವಲ್ ಕೇಬಲ್. ಅದರಲ್ಲಿ ಸಾಮಾನ್ಯವಾಗಿ ತಾಮ್ರದ ಮೇಲೆ ಮೈಕಾ ಟೇಪ್ ಸುತ್ತಿರುತ್ತಾರೆ. ಪ್ಲಾಸ್ಟಿಕ್ ಬೂದಿಯಾದರೂ ಮೈಕಾ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಇಡುತ್ತದೆ.

ಆದರೆ ಇಂಥ ಕೇಬಲಿಗೆ ಮಾಡುವ ಐಇಸಿ 60331 ಪರೀಕ್ಷೆ ನೋಡುವುದು ಕೇಬಲನ್ನು ಮಾತ್ರ. ಕೇಬಲ್ ಹೊರುವ ಟ್ರೇ ಬಾಗಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿಲ್ಲ. ಜರ್ಮನಿಯ ಡಿಐಎನ್ 4102-12 ಪರೀಕ್ಷೆ ಕೇಬಲ್, ಟ್ರೇ, ಟ್ರೇಯನ್ನು ನೇತುಹಾಕುವ ರಾಡ್ ಎಲ್ಲವನ್ನೂ ಒಟ್ಟಿಗೆ ಕುಲುಮೆಗೆ ಹಾಕುತ್ತದೆ. 30 ನಿಮಿಷಕ್ಕೆ ಒಳಗಿನ ಶಾಖ ಸುಮಾರು 840 ಡಿಗ್ರಿ, 90 ನಿಮಿಷಕ್ಕೆ ಸುಮಾರು 1000 ಡಿಗ್ರಿ. ಅಷ್ಟು ಹೊತ್ತು ಸರ್ಕ್ಯೂಟ್ ಕೆಲಸ ಮಾಡಿದರೆ ಇ30, ಇ90 ಎಂಬ ದರ್ಜೆ ಸಿಗುತ್ತದೆ. ಅಲ್ಲಿನ ನಿಯಮದಂತೆ ಫೈರ್ ಅಲಾರಂಗೆ 30 ನಿಮಿಷ ಸಾಕು. ಜನ ಹೊರಬಂದ ಮೇಲೂ ಓಡಬೇಕಾದ ಪಂಪ್, ಫೈರ್ ಲಿಫ್ಟ್‌ಗಳಿಗೆ 90 ಬೇಕು.

ಈಗ ಸಪೋರ್ಟ್ ಅಂತರ. ಡಿಐಎನ್ 4102-12ರ ಸ್ಟ್ಯಾಂಡರ್ಡ್ ಜೋಡಣೆಯಲ್ಲಿ ಟ್ರೇಗೆ ಗರಿಷ್ಠ 1.2 ಮೀಟರ್, ಮೀಟರಿಗೆ 10 ಕೆಜಿ ಕೇಬಲ್. ಕೇಬಲನ್ನು ಒಂದೊಂದಾಗಿ ಸೀಲಿಂಗ್‌ಗೆ ಕ್ಲಾಂಪ್ ಮಾಡಿದರೆ 30 ಸೆಂಟಿಮೀಟರ್. ಉಕ್ಕು ಕಾದಾಗ ಬಲ ಕಳೆದುಕೊಳ್ಳುವುದರಿಂದ ಇ90ರಲ್ಲಿ ನೇತಾಡುವ ರಾಡ್ ಮೇಲೆ ಚದರ ಮಿಲಿಮೀಟರಿಗೆ 6 ನ್ಯೂಟನ್ ಮಾತ್ರ ಹೊರಿಸಬಹುದು.

ಒಂದು ಲೆಕ್ಕ ನೋಡಿ. ಎರಡು ಅಂತಸ್ತಿನ ಟ್ರೇ, ಪ್ರತಿ ಅಂತಸ್ತಿಗೆ ಮೀಟರಿಗೆ 10 ಕೆಜಿ ಕೇಬಲ್, ಟ್ರೇಯದ್ದೇ 3 ಕೆಜಿ. ಒಟ್ಟು ಮೀಟರಿಗೆ 26 ಕೆಜಿ. 1.2 ಮೀಟರಿಗೆ 31.2 ಕೆಜಿ, ಅಂದರೆ ಸುಮಾರು 306 ನ್ಯೂಟನ್. ಎರಡು ಎಂ8 ರಾಡ್ ಹಂಚಿಕೊಂಡರೆ ಒಂದಕ್ಕೆ 153. ಎಂ8ರ ಥ್ರೆಡ್ ವಿಸ್ತೀರ್ಣ 36.6 ಚದರ ಮಿಲಿಮೀಟರ್, ಮಿತಿ ಸುಮಾರು 220. ಸರಿಹೋಯಿತು. ಅಂತರವನ್ನು 1.5 ಮೀಟರ್ ಮಾಡಿದರೂ ರಾಡ್‌ಗೆ 191 ನ್ಯೂಟನ್ ಬೀಳುತ್ತದೆ, ಮಿತಿಯೊಳಗೇ. ಹಾಗಂತ ಒಪ್ಪುವಂತಿಲ್ಲ, ಅಲ್ವಾ? ರಾಡ್ ತಡೆದರೂ ಟ್ರೇ ನಡುವೆ ಜಾಸ್ತಿ ಜೋತುಬೀಳುತ್ತದೆ. ಅಂಚಿಗೆ ಎಳೆದ ಕೇಬಲಿನ ಮೈಕಾ ಪದರ ಅಲ್ಲೇ ಒಡೆಯುತ್ತದೆ. ಪರೀಕ್ಷೆಯಾದ ಅಂತರವೇ ಕೊನೆಯ ಮಾತು.

ಸೈಟಿನಲ್ಲಿ ಜಾಸ್ತಿ ಕೆಡುವುದು ಚಿಕ್ಕ ಸಾಮಾನಿನಿಂದ. ಕೇಬಲ್ ಇ90, ಆದರೆ ಗೋಡೆಯೊಳಗೆ ಪ್ಲಾಸ್ಟಿಕ್ ಪ್ಲಗ್! ಅದು ಮೊದಲ ಕೆಲವು ನಿಮಿಷಗಳಲ್ಲೇ ಕರಗುತ್ತದೆ. ಅಲ್ಯುಮಿನಿಯಂ ಕ್ಲಾಂಪ್ ಕೂಡ ಬೇಡ, 660 ಡಿಗ್ರಿಗೆ ಅದು ನೀರಾಗುತ್ತದೆ. ಬೆಂಕಿ ಪರೀಕ್ಷೆಯಾದ ಉಕ್ಕಿನ ಆಂಕರೇ ಆಗಬೇಕು. ಈ ಟ್ರೇಯ ಮೇಲೆ ಸಾಮಾನ್ಯ ಡಕ್ಟ್ ಇದ್ದರೆ ಅದನ್ನೂ ನೋಡಿ, ಅದು ಕಳಚಿ ಕೆಳಗೆ ಬಿದ್ದರೆ ಟ್ರೇಯನ್ನೂ ಕೆಡವುತ್ತದೆ. ಡ್ರಾಯಿಂಗ್‌ನಲ್ಲಿ ಇದು ಕಾಣದೆ ಹೋಗಬಹುದು. ಫಾಲ್ಸ್ ಸೀಲಿಂಗ್ ಮುಚ್ಚುವ ಮುಂಚೆ ಏಣಿ ಹತ್ತಿ ಕಣ್ಣಾರೆ ನೋಡಿ.