ಬಿಳಿ ನಾಯಿಯ ರೋಮದ ಅಂಚಲ್ಲಿ ಹಸಿರು ಉಳಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ಹುಲ್ಲಿನ ಮೇಲೆ ಕೂತಿರುವ ನಮ್ಮ ಬಿಳಿ ನಾಯಿಯ ಫೋಟೋ ಮೊಬೈಲ್‌ನಲ್ಲಿದೆ. ಹಿನ್ನೆಲೆ ತೆಗೆದರೆ ಮೈಸುತ್ತ ಹಸಿರು ಗೆರೆ ಉಳಿಯುತ್ತದೆ. ಇನ್ನೂ ಒಳಗೆ ಕತ್ತರಿಸಿದರೆ ರಟ್ಟಿನ ಬೊಂಬೆ ಥರ ಕಾಣುತ್ತದೆ. ಫ್ರೇಮಿಗೂ ಕೀಚೈನಿಗೂ ಇದೇ ಫೋಟೋ ಬೇಕು.

ಉತ್ತರ: ತಪ್ಪು ನಿಮ್ಮ ಕೈಯದ್ದಲ್ಲ. ರೋಮದ ತುದಿ ಒಂದು ಪಿಕ್ಸೆಲ್‌ಗಿಂತ ಸಣ್ಣ. ಹಾಗಾಗಿ ಅಂಚಿನ ಒಂದೊಂದು ಪಿಕ್ಸೆಲ್‌ನಲ್ಲೂ ಸ್ವಲ್ಪ ರೋಮ, ಸ್ವಲ್ಪ ಹುಲ್ಲು ಬೆರೆತಿರುತ್ತದೆ. ಎಲ್ಲಿ ಕತ್ತರಿಸಿದರೂ ಸರಿಯಾಗಲ್ಲ. ಅಂಚನ್ನು ಅರೆಪಾರದರ್ಶಕ ಮಾಡಬೇಕು, ಆಮೇಲೆ ಅದರ ಬಣ್ಣವನ್ನೂ ತಿದ್ದಬೇಕು. ಇವು ಎರಡು ಬೇರೆ ಬೇರೆ ಕೆಲಸ.

ಮೊದಲು ಅಂಚು. ಫೋಟೋಶಾಪ್‌ನಲ್ಲೋ ಜಿಂಪ್‌ನಲ್ಲೋ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಹುಲ್ಲಿನಲ್ಲಿ ನೀಲಿ ತುಂಬಾ ಕಡಿಮೆ, ಬಿಳಿ ರೋಮದಲ್ಲಿ ಮೂರೂ ಜಾಸ್ತಿ. ಅದಕ್ಕೇ ನೀಲಿ ಚಾನೆಲ್‌ನಲ್ಲಿ ಹುಲ್ಲು ಕಪ್ಪಾಗಿ, ನಾಯಿ ಬೆಳ್ಳಗೆ ಕಾಣುತ್ತದೆ, ಕಿವಿಯ ಎಳೆಗಳೂ ಬಿಡಿಬಿಡಿಯಾಗಿ ಸಿಗುತ್ತವೆ. ಆ ಚಾನೆಲ್‌ನ ನಕಲು ಮಾಡಿ, ಲೆವೆಲ್ಸ್‌ನಲ್ಲಿ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ. ತೀರಾ ಎಳೆದರೆ ಎಳೆಗಳು ಒರಟಾಗುತ್ತವೆ, ಸ್ವಲ್ಪ ಬೂದು ಉಳಿಯಲಿ. ಕಣ್ಣು, ಮೂಗು, ಮೈಮೇಲಿನ ನೆರಳು ಕಪ್ಪಾಗಿರುತ್ತವಲ್ವಾ, ಆ ನಕಲಿನಲ್ಲಿ ಅಲ್ಲೆಲ್ಲ ಬ್ರಷ್‌ನಿಂದ ಬಿಳಿ ತುಂಬಿ. ಇದನ್ನೇ ಲೇಯರ್ ಮಾಸ್ಕ್ ಮಾಡಿಕೊಳ್ಳಿ, ಆಗ ಬಿಳಿ ಇದ್ದಲ್ಲಿ ಫೋಟೋ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ. ಎರೇಸರ್ ಮುಟ್ಟಬೇಡಿ, ಅಳಿಸಿದ ರೋಮವನ್ನು ಮತ್ತೆ ತರೋದು ಕಷ್ಟ.

ಈಗ ಬಣ್ಣ. ನಾಯಿಯ ಲೇಯರ್‌ಗೆ ಮಾತ್ರ ತಗಲುವಂತೆ ಮೇಲೊಂದು ಖಾಲಿ ಲೇಯರ್ ಹಾಕಿ, ಅದರ ಬ್ಲೆಂಡ್ ಮೋಡ್ ಅನ್ನು ‘ಕಲರ್’ ಮಾಡಿ. ಅಂಚಿನಿಂದ ತುಸು ಒಳಗಿನ ರೋಮದ ಬಣ್ಣ ಹೆಕ್ಕಿ, ಅಂಚಿನ ಮೇಲೆ ಮೆಲ್ಲಗೆ ಬಳಿಯಿರಿ. ಗದ್ದದ ಕೆಳಗೂ ಹೊಟ್ಟೆಯ ಹತ್ತಿರವೂ ಹುಲ್ಲಿಗೆ ಬಿದ್ದ ಬೆಳಕು ಹಸಿರಾಗಿ ಹೊಡೆದಿರುತ್ತದೆ, ಅದನ್ನೂ ತಿದ್ದಿ.

ನಾಯಿಯ ಲೇಯರ್ ಕೆಳಗೆ ಒಮ್ಮೆ ಕಡುಗಪ್ಪು, ಒಮ್ಮೆ ಬಿಳಿ ಹಾಕಿ ನೋಡಿ, ಉಳಿದ ಕೊಳೆ ಥಟ್ಟನೆ ಕಾಣುತ್ತದೆ. ಫ್ರೇಮಿಗೆ ಹುಲ್ಲಿನಷ್ಟೇ ಹೊಳಪಿನ ಹಿನ್ನೆಲೆ ಆರಿಸಿದರೆ ಚಿಕ್ಕಪುಟ್ಟ ದೋಷ ಮುಚ್ಚಿಹೋಗುತ್ತದೆ. ಪಾದ ಹುಲ್ಲಿನೊಳಗೆ ಮುಳುಗಿದ್ದರೆ ಸುಮ್ನೆ ಬಿಡಿಸಲು ಹೋಗಬೇಡಿ, ಎದೆಯವರೆಗೆ ಸಾಕು.

ಕೀಚೈನಿಗೆ ಮಾತ್ರ ಇಷ್ಟು ನಯ ಬೇಡ. 4 ಸೆಂಟಿಮೀಟರ್ ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 470 ಪಿಕ್ಸೆಲ್ ಅಷ್ಟೆ, ಎಳೆಗಳು ಕಾಣೋದೇ ಇಲ್ಲ. ಪಾರದರ್ಶಕ ಅಕ್ರಿಲಿಕ್ ಮೇಲಂತೂ ಅರೆಪಾರದರ್ಶಕ ಅಂಚು ಮಸಿ ಬಳಿದಂತೆ ಅಚ್ಚಾಗಬಹುದು. ಮಾಸ್ಕ್‌ನ ಇನ್ನೊಂದು ನಕಲು ಮಾಡಿ, ಅಂಚನ್ನು ಗಟ್ಟಿ ಮಾಡಿ, ಸುತ್ತ 2 ಮಿಲಿಮೀಟರ್ ಬಿಳಿ ಪಟ್ಟಿ ಕೊಡಿ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯಲ್ಲ.