ಮಲೇರಿಯಾ ಮಾತ್ರೆಯಿಂದ ಬಯಲಾದ ಕೆಂಪುಕಣದ ಗುಟ್ಟು

1950ರ ಆಸುಪಾಸಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ ಪ್ರಿಮಾಕ್ವಿನ್ ಎಂಬ ಮಲೇರಿಯಾ ಔಷಧಿಯ ಪ್ರಯೋಗ ನಡೆಯುತ್ತಿತ್ತು. ಜೈಲಿನೊಳಗಿದ್ದವರು ಕೊಟ್ಟ ಒಪ್ಪಿಗೆಯನ್ನು ಮನಸಾರೆ ಕೊಟ್ಟದ್ದು ಎನ್ನಲು ನನಗೆ ಸಾಧ್ಯವಿಲ್ಲ. ದಿನಕ್ಕೆ 30 ಮಿಲಿಗ್ರಾಂ ಮಾತ್ರೆ ಹೆಚ್ಚಿನವರಿಗೆ ತೊಂದರೆ ಮಾಡಲಿಲ್ಲ. ಆದರೆ ಕೆಲವರಿಗೆ, ಅದರಲ್ಲೂ ಆಫ್ರಿಕಾ ಮೂಲದವರಿಗೆ, ಕೆಲವೇ ದಿನಗಳಲ್ಲಿ ಮೂತ್ರ ಕಪ್ಪಾಯಿತು. ಕೆಂಪುಕಣಗಳು ಒಡೆಯುತ್ತಿದ್ದವು.

ದೋಷ ದೇಹದಲ್ಲೋ, ಕಣದಲ್ಲೋ? ಅರ್ನೆಸ್ಟ್ ಬಾಯ್ಟ್ಲರ್ ಮತ್ತು ಜೊತೆಗಾರರು ತೊಂದರೆಯಾದವರ ಕಣಗಳಿಗೆ ವಿಕಿರಣಶೀಲ ಕ್ರೋಮಿಯಂ ಗುರುತು ಹಾಕಿ ತೊಂದರೆಯಾಗದವರ ರಕ್ತಕ್ಕೆ ಸೇರಿಸಿದರು. ಮಾತ್ರೆ ನುಂಗಿಸಿದಾಗ ಗುರುತಿನ ಕಣಗಳು ಮಾತ್ರ ಒಡೆದವು. ಹಾಗಾದರೆ ದೋಷ ಕಣದ್ದೇ.

ಕೆಂಪುಕಣ ಮೂಳೆಮಜ್ಜೆಯಲ್ಲಿ ಬಲಿಯುವಾಗ ನ್ಯೂಕ್ಲಿಯಸ್ಸನ್ನು ಹೊರಹಾಕುತ್ತದೆ. ಆಮೇಲೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನೂ ಕಳೆದುಕೊಳ್ಳುತ್ತದೆ. ಹಿಮೋಗ್ಲೋಬಿನ್‌ಗೆ ಜಾಗ ಸಿಗುತ್ತದೆ, ಸಾಗಿಸಬೇಕಾದ ಆಮ್ಲಜನಕವನ್ನು ತಾನೇ ಸುಡುವುದೂ ತಪ್ಪುತ್ತದೆ. ಶಕ್ತಿಗೆ ಇರುವುದು ಗ್ಲೂಕೋಸ್ ಒಂದೇ. ಆಮ್ಲಜನಕ ಬಳಸದೆ ಅದನ್ನು ಲ್ಯಾಕ್ಟೇಟ್ ಆಗುವವರೆಗೆ ಒಡೆದರೆ, ಒಂದು ಗ್ಲೂಕೋಸ್‌ಗೆ ಉಳಿಯುವುದು ಎಟಿಪಿ ಎಂಬ ಶಕ್ತಿಯ ಅಣು ಎರಡೇ. ಉಪ್ಪಿನಂಶದ ಸಮತೋಲ ಮತ್ತು ಪೊರೆಯ ಆಕಾರ ಕಾಯಲು ಅಷ್ಟು ಸಾಕು. ಹೀಗೆ ಸುಮಾರು 120 ದಿನ ಬದುಕುತ್ತದೆ.

ಆದರೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಸದಾ ಅಪಾಯದಲ್ಲೇ ಇರುತ್ತದೆ, ಅದೇ ಆಮ್ಲಜನಕದಿಂದ ಹುಟ್ಟುವ ಪೆರಾಕ್ಸೈಡ್ ಅದನ್ನು ಕೆಡಿಸಬಹುದು. ಅದಕ್ಕೇ ಕಣ ಗ್ಲೂಕೋಸ್‌ನ ಸ್ವಲ್ಪ ಭಾಗವನ್ನು ಇನ್ನೊಂದು ದಾರಿಗೆ ಹರಿಸುತ್ತದೆ. ಅಲ್ಲಿ ಎನ್‌ಎಡಿಪಿಎಚ್ ಎಂಬ ಅಣು ತಯಾರಾಗುತ್ತದೆ. ಅದು ಗ್ಲುಟಾಥಯಾನ್ ಎಂಬ ಕಾವಲುಗಾರ ಅಣುವನ್ನು ಮತ್ತೆ ಮತ್ತೆ ಕೆಲಸಕ್ಕೆ ಸಜ್ಜುಮಾಡುತ್ತದೆ, ಗ್ಲುಟಾಥಯಾನ್ ಪೆರಾಕ್ಸೈಡನ್ನು ನಿರುಪದ್ರವಿಯಾಗಿಸುತ್ತದೆ. ಆ ದಾರಿಯ ಮೊದಲ ಕಿಣ್ವ ಜಿ6ಪಿಡಿ. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಆ ಕೈದಿಗಳ ಕಣಗಳಲ್ಲಿ ಇದೇ ಕಿಣ್ವದ ಕೊರತೆ ಕಂಡರು. ಪ್ರಿಮಾಕ್ವಿನ್‌ನ ಏಟು ಬಿದ್ದಾಗ ಕಾವಲು ಸೋಲುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಗಂಟುಗಟ್ಟಿ ಪೊರೆಗೆ ಅಂಟುತ್ತದೆ. ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಕಾಣುತ್ತವೆ. ಹೆಸರು ಹೈನ್ಜ್ ಕಾಯಗಳು.

ಇನ್ನೊಂದು ಸಂಗತಿ ಆಗ ಗಮನಕ್ಕೆ ಬಂದಿತ್ತು. ಮಾತ್ರೆ ನಿಲ್ಲಿಸದಿದ್ದರೂ ಆ ಕೈದಿಗಳ ರಕ್ತಹೀನತೆ ತಾನಾಗಿ ಸುಧಾರಿಸಿತು. ನ್ಯೂಕ್ಲಿಯಸ್ ಇಲ್ಲದ ಕಣ ಹೊಸ ಕಿಣ್ವ ಮಾಡಲಾರದು, ಹುಟ್ಟುವಾಗ ತಂದ ಜಿ6ಪಿಡಿ ದಿನೇದಿನೇ ಕರಗುತ್ತದೆ. ಹಾಗಾಗಿ ಮುದಿಕಣಗಳು ಮೊದಲು ಒಡೆದವು. ಉಳಿದ ಎಳೆಕಣಗಳಲ್ಲಿ ತಡೆದುಕೊಳ್ಳುವಷ್ಟು ಕಿಣ್ವ ಇತ್ತು. ಆದರೆ ಕಿಣ್ವದ ಕೊರತೆ ಇನ್ನೂ ತೀವ್ರವಾದ ಬಗೆಗಳಲ್ಲಿ ಎಳೆಕಣಗಳೂ ಉಳಿಯುವುದಿಲ್ಲ.

ಇದರಿಂದಲೇ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಕಣಗಳು ಒಡೆದ ತಕ್ಷಣ ರಕ್ತ ತೆಗೆದರೆ ಉಳಿದಿರುವುದು ಎಳೆಕಣಗಳೇ ಅಲ್ವಾ? ಕಿಣ್ವ ಸರಿಯಾಗಿದೆ ಎಂಬ ಸುಳ್ಳು ವರದಿ ಬರಬಹುದು. ವೈವಾಕ್ಸ್ ಮಲೇರಿಯಾ ಮರುಕಳಿಸದಿರಲು ನಮ್ಮಲ್ಲೂ ಪ್ರಿಮಾಕ್ವಿನ್ ಕೊಡುತ್ತಾರೆ. ಮಾತ್ರೆ ಶುರುವಾದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಕೂಡಲೇ ವೈದ್ಯರಿಗೆ ಹೇಳಬೇಕು. ಅಂಥವರ ಜಿ6ಪಿಡಿ ವರದಿ ಆಗ ಸರಿ ಬಂದರೂ ಎರಡು ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕಾಗುತ್ತದೆ.